ಟ್ರಾನ್ಸಿಸ್ಟರಿನ ನಾಲ್ಕು ಸಂಖ್ಯೆಗಳು

ಬೆಂಗಳೂರಿನ ದಕ್ಷಿಣದಂಚಿನ ಅಂಜನಾಪುರದಿಂದ ಕಾಲೇಜು ತರುಣನೊಬ್ಬನು ಒಂದು ಸಣ್ಣ ಪ್ರವರ್ಧಕವನ್ನೂ ಲೆಕ್ಕದ ಪುಸ್ತಕವನ್ನೂ ಹಿಡಿದುಕೊಂಡು ನಮ್ಮಲ್ಲಿಗೆ ಬಂದನು. ಪ್ರವರ್ಧಕದಲ್ಲಿದ್ದುದು ಒಂದೇ ಟ್ರಾನ್ಸಿಸ್ಟರು. ಅದರ ಒಳದ್ವಾರದ ಪ್ರತಿಬಾಧೆ 4375 ಓಮ್ ಎಂದು ಅವನು ಲೆಕ್ಕ ಹಾಕಿದ್ದನು. ಅಳೆದಾಗ ದೊರೆತುದು ಸುಮಾರು 3000 ಓಮ್. ಲೆಕ್ಕ ತಪ್ಪೋ, ಟ್ರಾನ್ಸಿಸ್ಟರು ಕೆಟ್ಟಿದೆಯೋ ಎಂಬುದು ಅವನ ಪ್ರಶ್ನೆ. ಎರಡೂ ಅಲ್ಲವೆಂಬುದನ್ನು ಅವನ ಲೆಕ್ಕವನ್ನೇ ಮತ್ತೊಮ್ಮೆ ಮಾಡುತ್ತ ನೋಡೋಣ.

ಒಳದ್ವಾರದ ಪ್ರತಿಬಾಧೆಯೆಂದರೆ ಅಲ್ಲಿ ಕೊಟ್ಟ ವೋಲ್ಟೇಜನ್ನು ಅಲ್ಲಿ ಹರಿದ ಪ್ರವಾಹದಿಂದ ಭಾಗಿಸಿದಾಗ ಬರುವ ಸಂಖ್ಯೆ. ಇಲ್ಲಿ ಹೇಳುವ ವೋಲ್ಟೇಜು, ಪ್ರವಾಹಗಳೆಲ್ಲ ಸಂಕೇತದವು, ಎಂದರೆ ಅಲ್ಪವಾದ ಪರ್ಯಾಯ ಏರಿಳಿತಗಳು. ಟ್ರಾನ್ಸಿಸ್ಟರನ್ನು ಎಚ್ಚರದಲ್ಲಿಡುವ ಬ್ಯಾಟರಿಯ ಏಕಮುಖ ಪ್ರವಾಹವನ್ನು ಇದರೊಡನೆ ಬೆರೆಸಬಾರದು.

ಟ್ರಾನ್ಸಿಸ್ಟರನ್ನು ಎರಡು ದ್ವಾರಗಳುಳ್ಳ ಮುಚ್ಚಿದ ಪೆಟ್ಟಿಗೆಯೆಂದು ಭಾವಿಸೋಣ. ಬೇಸ್ ಮತ್ತು ಎಮಿಟರುಗಳ ನಡುವೆ ಒಳದ್ವಾರ. ಕಲೆಕ್ಟರ್ ಮತ್ತು ಎಮಿಟರುಗಳ ನಡುವೆ ಹೊರದ್ವಾರ. ಒಳಗಿನ ವೋಲ್ಟೇಜು v1, ಪ್ರವಾಹ i1. ಹೊರಗಿನವು v2, i2. ಎರಡು ಪ್ರವಾಹಗಳೂ ಪೆಟ್ಟಿಗೆಯೊಳಕ್ಕೆ ಹರಿಯುತ್ತವೆಂದು ಎಣಿಸೋಣ. ಆಗ ಪೆಟ್ಟಿಗೆಯ ನಡತೆಯನ್ನು ಎರಡೇ ಸಮೀಕರಣಗಳು ಹೇಳುತ್ತವೆ:

v1 = hie·i1 + hre·v2
i2 = hfe·i1 + hoe·v2

ಮೊದಲನೆಯ ಸಂಖ್ಯೆ hie ಓಮ್‌ಗಳಲ್ಲಿದೆ. ಕೊನೆಯದಾದ hoe ಅದರ ವಿಲೋಮಮಾನವಾದ ಸೀಮೆನ್ಸ್‌ನಲ್ಲಿದೆ. ನಡುವಿನ ಎರಡಕ್ಕೆ ಮಾನವೇ ಇಲ್ಲ. ಹೀಗೆ ಬಗೆಬಗೆಯ ಮಾನಗಳು ಬೆರೆತಿರುವುದರಿಂದಲೇ ಇವಕ್ಕೆ ಹೈಬ್ರಿಡ್, ಅಂದರೆ ಮಿಶ್ರ ನಿಯತಾಂಕಗಳು ಎಂಬ ಹೆಸರು.

ಇಂಥ ಬೆರಕೆಯನ್ನು ಆರಿಸಿಕೊಳ್ಳಲು ಕಾರಣವುಂಟು. ಟ್ರಾನ್ಸಿಸ್ಟರಿನ ಹೊರದ್ವಾರದ ಪ್ರತಿಬಾಧೆ ಹೆಚ್ಚು. ಆದ್ದರಿಂದ ಅಲ್ಲಿ ದೊಡ್ಡ ಕೆಪಾಸಿಟರೊಂದನ್ನು ಇಟ್ಟು ಸಂಕೇತದ ಮಟ್ಟಿಗೆ ದ್ವಾರವನ್ನು ಹ್ರಸ್ವಗೊಳಿಸುವುದು, ಅಂದರೆ v2ವನ್ನು ಸೊನ್ನೆ ಮಾಡುವುದು, ಸುಲಭ. ಆಗ v1ನ್ನು i1ರಿಂದ ಭಾಗಿಸಿದರೆ hie, i2ವನ್ನು i1ರಿಂದ ಭಾಗಿಸಿದರೆ hfe ದೊರೆಯುತ್ತವೆ. ಒಳದ್ವಾರದ ಪ್ರತಿಬಾಧೆ ಕಡಿಮೆಯಾದುದರಿಂದ ಅಲ್ಲಿ i1ನ್ನು ಸೊನ್ನೆ ಮಾಡುವುದೂ ಸುಲಭ. ಆಗ ಉಳಿದೆರಡು ದೊರೆಯುತ್ತವೆ.

ಬೆಂಗಳೂರಿಗೆ ಈ ಸಂಖ್ಯೆಗಳ ಪರಿಚಯ ಹಳೆಯದು. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1962ರಲ್ಲಿಯೇ ಇಲ್ಲಿ ಜರ್ಮೇನಿಯಂ ಅರೆವಾಹಕ ಸಾಧನಗಳ ತಯಾರಿಕೆಯನ್ನು ಆರಂಭಿಸಿತು. ನಮ್ಮ ತರುಣನು ಬಳಸಿದ್ದು ಸಿಲಿಕಾನಿನ ಬಿಸಿ 547ಬಿ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವಂಥದು. 2 ಮಿಲಿಆಂಪೇರ್ ಕಲೆಕ್ಟರ್ ಪ್ರವಾಹ, 5 ವೋಲ್ಟ್ ಮತ್ತು ಸೆಕೆಂಡಿಗೆ 1000 ಆವರ್ತಗಳಲ್ಲಿ ಅದರ ಸಾಮಾನ್ಯ ಬೆಲೆಗಳನ್ನು ತಯಾರಕರ ಪಟ್ಟಿ ಹೀಗೆ ಕೊಡುತ್ತದೆ:

hie = 4500 Ω
hre = 0.0002
hfe = 330
hoe = 0.00003 S

ಈಗ ಹೊರದ್ವಾರಕ್ಕೆ RL ಎಂಬ ಭಾರರೋಧವನ್ನು ಜೋಡಿಸೋಣ. ಕಲೆಕ್ಟರಿನೊಳಕ್ಕೆ ಹರಿಯುವ ಪ್ರವಾಹ ಏರಿದಷ್ಟೂ RL ನಲ್ಲಿ ಹೆಚ್ಚು ವೋಲ್ಟೇಜು ಕಳೆದು ಕಲೆಕ್ಟರಿನ ವೋಲ್ಟೇಜು ಇಳಿಯುತ್ತದೆ. ಆದ್ದರಿಂದ v2 = −i2·RL. ಆ ಋಣಚಿಹ್ನೆಯನ್ನು ಮರೆತವರ ಉತ್ತರ ತಲೆಕೆಳಗಾಗುತ್ತದೆ. ಇದನ್ನು ಎರಡನೆಯ ಸಮೀಕರಣದಲ್ಲಿ ಇಟ್ಟು i2 ಇರುವ ಪದಗಳನ್ನು ಒಂದು ಕಡೆಗೆ ತಂದರೆ ಪ್ರವಾಹವರ್ಧನೆ ದೊರೆಯುತ್ತದೆ:

Ai = i2/i1 = hfe / (1 + hoe·RL)

ಅದೇ v2ವನ್ನು ಮೊದಲನೆಯ ಸಮೀಕರಣದಲ್ಲಿಟ್ಟು i1ರಿಂದ ಭಾಗಿಸಿದರೆ ಒಳದ್ವಾರದ ಪ್ರತಿಬಾಧೆ:

Zi = v1/i1 = hie − hre·RL·Ai

ತರುಣನ ಮಂಡಲದಲ್ಲಿ RL 2000 ಓಮ್. hoe·RL ಎಂಬುದು 0.06; ಆದ್ದರಿಂದ Ai = 330/1.06, ಅಂದರೆ 311. ಪ್ರತಿಬಾಧೆಯಲ್ಲಿ ಕಳೆಯಬೇಕಾದುದು 0.0002 × 2000 × 311, ಸುಮಾರು 125. 4500ರಲ್ಲಿ 125 ಕಳೆದರೆ 4375 ಓಮ್. ಅವನ ಲೆಕ್ಕ ಸರಿಯಾಗಿಯೇ ಇತ್ತು.

ಇಷ್ಟು ಅಲ್ಪ ತಿದ್ದುಪಡಿಗಾಗಿ hoe, hre ಗಳನ್ನು ಹೊತ್ತು ತರಬೇಕೆ ಎಂದು ಕೇಳಬಹುದು. hoe·RL 0.1ಕ್ಕಿಂತ ಕಡಿಮೆಯಿರುವಾಗ ಬೇಡ. ಪ್ರವಾಹವರ್ಧನೆಯನ್ನು hfe ಎಂದೇ, ಪ್ರತಿಬಾಧೆಯನ್ನು hie ಎಂದೇ ಎಣಿಸಬಹುದು. ಆದರೆ ಟ್ರಾನ್ಸ್‌ಫಾರ್ಮರಿನ ಮೂಲಕ ಜೋಡಿಸಿದ ಭಾರವು ಕಲೆಕ್ಟರಿಗೆ 20,000 ಓಮ್‌ನಂತೆ ಕಂಡಿತೆನ್ನಿ. ಆಗ hoe·RL 0.6 ಆಗಿ ಪ್ರವಾಹವರ್ಧನೆ 206ಕ್ಕೂ ಪ್ರತಿಬಾಧೆ ಸುಮಾರು 3675 ಓಮ್‌ಗೂ ಇಳಿಯುತ್ತವೆ. ಅಲ್ಲಿ ಸಂಕ್ಷೇಪದ ಲೆಕ್ಕ ಸಲ್ಲದು.

ಹಾಗಾದರೆ ಅಳತೆಯಲ್ಲಿ 3000 ಬಂದುದೇಕೆ? ನಮ್ಮ ಪೆಟ್ಟಿಗೆಯೊಳಗೆ ಇರುವುದು ಟ್ರಾನ್ಸಿಸ್ಟರು ಮಾತ್ರ. ಮೇಜಿನ ಮೇಲಿನ ಮಂಡಲದಲ್ಲಿಯಾದರೋ ಬೇಸಿಗೆ ಏಕಮುಖ ವೋಲ್ಟೇಜನ್ನು ಒದಗಿಸುವ ಎರಡು ರೋಧಕಗಳಿವೆ: 10 ವೋಲ್ಟಿನ ಧನತಂತಿಯಿಂದ ಬೇಸಿಗೆ 56,000 ಓಮ್, ಬೇಸಿನಿಂದ ಭೂತಂತಿಗೆ 12,000 ಓಮ್. ಬ್ಯಾಟರಿಯು ಸಂಕೇತಕ್ಕೆ ಅಡ್ಡಿಯೊಡ್ಡದು. ಆದ್ದರಿಂದ ಸಂಕೇತದ ದೃಷ್ಟಿಯಲ್ಲಿ ಧನತಂತಿಯೂ ಭೂತಂತಿಯೂ ಒಂದೇ, ಎರಡು ರೋಧಕಗಳೂ ಒಳದ್ವಾರಕ್ಕೆ ಸಮಾಂತರ. ಅವೆರಡರ ಸಮಾಂತರ ಬೆಲೆ 9880 ಓಮ್. ಅದಕ್ಕೆ 4375ನ್ನು ಸಮಾಂತರವಾಗಿ ಸೇರಿಸಿದರೆ ಬರುವುದು ಸುಮಾರು 3030 ಓಮ್. ತರುಣನು ಅಳೆದದ್ದು ಇದನ್ನೇ.

ಪ್ರವಾಹವರ್ಧನೆಗೂ ಇದೇ ಗತಿ. ಬಂದ ಸಂಕೇತಪ್ರವಾಹದಲ್ಲಿ ನೂರಕ್ಕೆ 69 ಪಾಲು ಮಾತ್ರ ಬೇಸನ್ನು ಸೇರುತ್ತದೆ. ಉಳಿದುದು ರೋಧಕಗಳಲ್ಲಿ ಸೋರಿಹೋಗುತ್ತದೆ. ಆದುದರಿಂದ ಇಡೀ ಹಂತದ ವರ್ಧನೆ 311 ಅಲ್ಲ, ಸುಮಾರು 216.

ಅಳೆಯುವ ಕ್ರಮವೂ ಸರಳವೇ. ಸಿಗ್ನಲ್ ಜನರೇಟರಿನಿಂದ 1000 ಆವರ್ತಗಳ 2 ಮಿಲಿವೋಲ್ಟಿನ ಸಂಕೇತವನ್ನು ಕೊಟ್ಟು, ಹೊರದ್ವಾರದ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ಗುರುತಿಸಬೇಕು. ಬಳಿಕ ಸಂಕೇತದ ದಾರಿಯಲ್ಲಿ ಶ್ರೇಣಿಯಾಗಿ ಒಂದು ಬದಲಾಯಿಸಬಲ್ಲ ರೋಧಕವನ್ನಿಟ್ಟು, ಹೊರಗಿನ ವೋಲ್ಟೇಜು ಅರ್ಧಕ್ಕೆ ಇಳಿಯುವವರೆಗೆ ಅದನ್ನು ಹೆಚ್ಚಿಸಬೇಕು. ಆಗಿನ ರೋಧವೇ, ಜನರೇಟರಿನ ಸ್ವಂತ ರೋಧ ಅಲ್ಪವಾಗಿದ್ದರೆ, ಒಳದ್ವಾರದ ಪ್ರತಿಬಾಧೆ. ಸಂಕೇತವನ್ನು ದೊಡ್ಡದು ಮಾಡಿದರೆ ಅಲೆಯ ಆಕಾರವೇ ಕೆಟ್ಟು, ಈ ಸಮೀಕರಣಗಳು ಅನ್ವಯಿಸದೆ ಹೋಗುತ್ತವೆ.

ಈ ಅಳತೆಯಲ್ಲಿ 3000ಕ್ಕೆ ಬದಲು 9300ರ ಸುತ್ತಮುತ್ತ ಬಂದರೆ ಎಮಿಟರನ್ನು ನೋಡಬೇಕು. ಅಲ್ಲಿ 510 ಓಮ್‌ನ ರೋಧಕವೂ ಸಂಕೇತವನ್ನು ಅದರ ಪಕ್ಕದಿಂದ ದಾಟಿಸುವ 100 ಮೈಕ್ರೋಫ್ಯಾರಡ್ ಕೆಪಾಸಿಟರೂ ಇವೆ. ಕೆಪಾಸಿಟರಿನ ಬೆಸುಗೆ ಬಿಟ್ಟಿದ್ದರೆ ಬೇಸಿನ ಕಡೆಯಿಂದ ಆ 510 ಓಮ್ ಮುನ್ನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಟ್ರಾನ್ಸಿಸ್ಟರಿನ ಪ್ರತಿಬಾಧೆ ಸುಮಾರು 1,60,000 ಓಮ್‌ಗೆ ಏರಿ, ಅಳತೆಗೆ ಬೇಸಿನ ರೋಧಕಗಳೇ ಹೆಚ್ಚುಕಡಿಮೆ ಉಳಿಯುತ್ತವೆ. ಹೊರಗಿನ ಧ್ವನಿಯೂ ಬಹಳ ಕುಗ್ಗಿರುತ್ತದೆ.

ಪಟ್ಟಿಯ ಸಂಖ್ಯೆಗಳ ಮಿತಿಯನ್ನೂ ಅರಿತಿರಬೇಕು. ಒಂದೇ ಗುರುತಿನ ಎರಡು ಟ್ರಾನ್ಸಿಸ್ಟರುಗಳಲ್ಲಿ hfe ಒಂದೂವರೆ ಪಟ್ಟು ವ್ಯತ್ಯಾಸವಾಗಬಹುದು. ಕಲೆಕ್ಟರ್ ಪ್ರವಾಹವನ್ನು 1 ಮಿಲಿಆಂಪೇರಿಗೆ ಇಳಿಸಿದರೆ hie ಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ಅಳತೆಯಲ್ಲಿ 3030ರ ಬದಲು 2800 ಅಥವಾ 3300 ಬಂದರೆ ಅಚ್ಚರಿಪಡಬೇಕಾಗಿಲ್ಲ. ಆದರೆ 4375 ಎಲ್ಲಿ ಸಲ್ಲುತ್ತದೆ, 3030 ಎಲ್ಲಿ ಸಲ್ಲುತ್ತದೆ ಎಂಬುದು ತಿಳಿದಿರಬೇಕು: ಮೊದಲನೆಯದು ಟ್ರಾನ್ಸಿಸ್ಟರಿನದು, ಎರಡನೆಯದು ಮಂಡಲದ್ದು. ತರುಣನು ತನ್ನ ಪುಸ್ತಕದಲ್ಲಿ ಹಳೆಯ ಉತ್ತರವನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲನ್ನು ಬರೆದುಕೊಂಡು ಹೊರಟನು.