ಪರಿಚಯದ ಸರಪಣಿಯಿಂದ ದೊರೆಯುವ ಮಾದರಿಯೂ ಅದರ ಎಲ್ಲೆಯೂ

ಜನಪದ ಗೀತೆಗಳನ್ನು ಸಂಗ್ರಹಿಸಲು ಹೊರಟವರ ಕ್ರಮವು ಸಾಹಿತ್ಯಾಭ್ಯಾಸಿಗಳಿಗೆ ಅಪರಿಚಿತವಲ್ಲ. ಒಂದು ಊರಿನ ಹಾಡುಗಾರ್ತಿಯು ಪಕ್ಕದ ಊರಿನ ತನ್ನ ಅಕ್ಕನನ್ನು ತೋರಿಸುತ್ತಾಳೆ. ಆ ಅಕ್ಕನು ತನ್ನ ಜೊತೆಗಾತಿಯನ್ನು ಹೆಸರಿಸುತ್ತಾಳೆ. ಹೀಗೆ ಐವತ್ತು ಮಂದಿಯಿಂದ ಹಾಡುಗಳು ದೊರೆತ ಮೇಲೆ, ಅವರಲ್ಲಿ ನಲವತ್ತು ಮಂದಿ ಒಂದೇ ಕಥನಗೀತೆಯನ್ನು ಬಲ್ಲರೆಂದು ಕಂಡರೆ, ಆ ಗೀತೆಯು ಸೀಮೆಯಲ್ಲೆಲ್ಲ ಪ್ರಚಾರದಲ್ಲಿದೆಯೆಂದು ಹೇಳಬಹುದೆ? ನಲವತ್ತು ಮಂದಿಯೂ ಒಬ್ಬರಿಂದೊಬ್ಬರು ಕಲಿತವರಾಗಿದ್ದರೆ ಹಾಗೆ ಹೇಳುವುದು ಸಾಧುವಾಗದು. ಪಟ್ಟಿಯೇ ಇಲ್ಲದ ಜನವರ್ಗಗಳನ್ನು ಕುರಿತ ಸಮೀಕ್ಷೆಗಳಲ್ಲೆಲ್ಲ ಏಳುವ ಪ್ರಶ್ನೆಯೂ ಇದೇ.

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಈ ಬಡಾವಣೆಗಳಲ್ಲಿ ಮನೆಗೆಲಸ ಮಾಡುವ ಹೆಂಗಸರು ಅಂತಹ ವರ್ಗಕ್ಕೆ ಸೇರಿದವರು. ಇವರ ಕೆಲಸಕ್ಕೆ ಕರ್ನಾಟಕ ಸರ್ಕಾರವು 2004ರಲ್ಲಿ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ಆದರೆ ಆ ವೇತನವು ಎಷ್ಟು ಮಂದಿಗೆ ಸಲ್ಲುತ್ತಿದೆಯೆಂದು ತಿಳಿಯಬೇಕಾದರೆ ಕಾರ್ಖಾನೆಯಲ್ಲಿರುವಂತೆ ಹಾಜರಿಯ ಪುಸ್ತಕವಿಲ್ಲ. ಕೆಲಸವೆಲ್ಲ ಮುಚ್ಚಿದ ಬಾಗಿಲ ಹಿಂದೆ ನಡೆಯತಕ್ಕದ್ದು. ಹೆಸರುಗಳ ಪಟ್ಟಿಯಿದ್ದರೆ ಚೀಟಿಯೆತ್ತಿ ಮಾದರಿಯನ್ನು ಆರಿಸಬಹುದು. ಜನರು ನಿಯತವಾದ ಸ್ಥಳಗಳಲ್ಲಿ ಕೂಡುವವರಾದರೆ, ಸ್ಥಳಗಳನ್ನೂ ಹೊತ್ತುಗಳನ್ನೂ ಪಟ್ಟಿಮಾಡಿ ಅವುಗಳಿಂದಲೇ ಆರಿಸಬಹುದು. 2004ರಿಂದ 2006ರವರೆಗೆ ಬೆಂಗಳೂರು, ಮೈಸೂರು, ಬೆಳಗಾವಿ, ಬಳ್ಳಾರಿ, ಶಿವಮೊಗ್ಗ ಜಿಲ್ಲೆಗಳಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರನ್ನು ಕುರಿತು ನಡೆದ ಆರೋಗ್ಯ ಸಮೀಕ್ಷೆಗಳು, ಬೀದಿಯಲ್ಲಿ ಕಾಣಸಿಗುವವರ ಮಟ್ಟಿಗೆ, ಈ ಮಾರ್ಗವನ್ನೇ ಹಿಡಿದುವು. ಮನೆಗೆಲಸದವರಿಗೆ ಪಟ್ಟಿಯೂ ಇಲ್ಲ, ನೆರೆಯುವ ತಾಣವೂ ಇಲ್ಲ. ಆದುದರಿಂದ ಒಬ್ಬಳಿಂದ ಇನ್ನೊಬ್ಬಳನ್ನು ತಿಳಿಯುವುದೊಂದೇ ದಾರಿ.

ಈ ದಾರಿಗೆ 'ಸ್ನೋಬಾಲ್' ಎಂದು ಹೆಸರು. ಉರುಳುವ ಹಿಮದ ಉಂಡೆಯಂತೆ ಮಾದರಿಯು ಬೆಳೆಯುವುದರಿಂದ ಆ ಹೆಸರು ಬಂದಿತು. 1961ರಲ್ಲಿ ಲಿಯೋ ಗುಡ್‌ಮನ್ ಎಂಬ ವಿದ್ವಾಂಸರು ಇದರ ಗಣಿತವನ್ನು ನಿರೂಪಿಸಿದಾಗ, ಮೊದಲ ವ್ಯಕ್ತಿಗಳನ್ನು ಯಾದೃಚ್ಛಿಕವಾಗಿಯೇ ಆರಿಸಬೇಕೆಂದು ಭಾವಿಸಿದ್ದರು. ರೂಢಿಯಲ್ಲಿ ಆ ನಿಬಂಧನೆಯು ಬಿದ್ದುಹೋಯಿತು. ಕೈಗೆ ಸಿಕ್ಕವರಿಂದಲೇ ಪ್ರಾರಂಭಿಸುವುದು ವಾಡಿಕೆಯಾಯಿತು. 1997ರಲ್ಲಿ ಡಗ್ಲಸ್ ಹೆಕಥಾರ್ನ್ ಅವರು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಮಾದಕದ್ರವ್ಯವನ್ನು ಚುಚ್ಚಿಕೊಳ್ಳುವವರನ್ನು ಕುರಿತ ಅಧ್ಯಯನದಲ್ಲಿ ಇದನ್ನು ತಿದ್ದಿದರು. ಅವರ ಕ್ರಮಕ್ಕೆ 'ರೆಸ್ಪಾಂಡೆಂಟ್-ಡ್ರಿವನ್ ಸ್ಯಾಂಪ್ಲಿಂಗ್', ಎಂದರೆ ಉತ್ತರ ಕೊಟ್ಟವರೇ ಮುಂದೆ ನಡೆಸುವ ಮಾದರಿ, ಎಂದು ಹೆಸರು. ಇದರಲ್ಲಿ ಉತ್ತರ ಕೊಟ್ಟವಳು ಪರರ ಹೆಸರನ್ನು ಹೇಳಬೇಕಾಗಿಲ್ಲ. ಆಕೆಗೆ ಸಂಖ್ಯೆ ಬರೆದ ಚೀಟಿಗಳನ್ನು, ಸಾಮಾನ್ಯವಾಗಿ ಮೂರನ್ನು, ಕೊಡುತ್ತಾರೆ. ಆಕೆಯು ಅವನ್ನು ತನ್ನಂತಹವರಿಗೆ ಹಂಚುತ್ತಾಳೆ. ಇಷ್ಟವಿದ್ದವರು ಚೀಟಿಯೊಡನೆ ತಾವಾಗಿ ಬರುತ್ತಾರೆ. ಉತ್ತರ ಕೊಟ್ಟುದಕ್ಕೆ ಒಂದು ಸಂಭಾವನೆ, ಬಂದ ಪ್ರತಿಯೊಬ್ಬಳಿಗಾಗಿ ಚೀಟಿ ಕೊಟ್ಟವಳಿಗೆ ಮತ್ತೊಂದು. ಚೀಟಿಗಳಿಗೆ ಮಿತಿಯಿರುವುದರಿಂದ ಬಹುಪರಿಚಿತಳೊಬ್ಬಳೇ ಮಾದರಿಯನ್ನು ತುಂಬಿಬಿಡಲಾರಳು. ಸರಪಣಿಯು ಉದ್ದವಾಗಿ, ಮೊದಲ ಕೆಲವರ ಪ್ರಭಾವವು ಕ್ರಮೇಣ ಕುಗ್ಗುತ್ತದೆ.

ಇಷ್ಟಾದರೂ ಒಂದು ದೋಷ ಉಳಿಯುತ್ತದೆ. ಹೆಚ್ಚು ಮಂದಿಯನ್ನು ಬಲ್ಲವಳಿಗೆ ಚೀಟಿ ತಲಪುವ ಸಂಭವವೂ ಹೆಚ್ಚು. ಇದನ್ನು ಸರಿಪಡಿಸಲು ಪ್ರತಿಯೊಬ್ಬಳನ್ನೂ, 'ಈ ಕೆಲಸದವರಲ್ಲಿ ನೀವು ಹೆಸರು ಹಿಡಿದು ಬಲ್ಲವರು, ನಿಮ್ಮನ್ನೂ ಬಲ್ಲವರು, ಕಳೆದ ತಿಂಗಳಲ್ಲಿ ಕಂಡವರು ಎಷ್ಟು ಮಂದಿ?' ಎಂದು ಕೇಳುತ್ತಾರೆ. ಇಪ್ಪತ್ತು ಮಂದಿಯನ್ನು ಬಲ್ಲವಳ ಉತ್ತರಕ್ಕೆ ಇಪ್ಪತ್ತರಲ್ಲೊಂದು ತೂಕ, ನಾಲ್ವರನ್ನು ಬಲ್ಲವಳದಕ್ಕೆ ನಾಲ್ಕರಲ್ಲೊಂದು ತೂಕ.

ಒಂದು ಕಲ್ಪಿತ ಲೆಕ್ಕದಿಂದ ಇದು ವಿಶದವಾಗುತ್ತದೆ. ವಿಜಯನಗರದ ಸುತ್ತಿನಲ್ಲಿ 200 ಮಂದಿ ಉತ್ತರ ಕೊಟ್ಟರೆಂದಿರಲಿ. ಅವರಲ್ಲಿ 160 ಮಂದಿ ದಿನಕ್ಕೆ ನಾಲ್ಕೈದು ಮನೆಗಳಿಗೆ ಹೋಗಿಬರುವವರು. ದಾರಿಯಲ್ಲಿ, ವಠಾರದಲ್ಲಿ, ನಲ್ಲಿಯ ಬಳಿ ಕಾಣುವ ಇಪ್ಪತ್ತು ಮಂದಿಯನ್ನು ಒಬ್ಬೊಬ್ಬಳೂ ಬಲ್ಲಳು. ಉಳಿದ 40 ಮಂದಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಮನೆಯಲ್ಲಿ ದುಡಿಯುವವರು. ಒಬ್ಬೊಬ್ಬಳೂ ನಾಲ್ವರನ್ನು ಮಾತ್ರ ಬಲ್ಲಳು. ಬರಿಯ ಎಣಿಕೆಯಂತೆ ಒಂದೇ ಮನೆಯವರು ನೂರಕ್ಕೆ 20. ತೂಕ ಹಾಕಿದರೆ ಮೊದಲ ಗುಂಪಿಗೆ 160ನ್ನು 20ರಿಂದ ಭಾಗಿಸಿ 8, ಎರಡನೆಯದಕ್ಕೆ 40ನ್ನು 4ರಿಂದ ಭಾಗಿಸಿ 10. ಒಟ್ಟು 18ರಲ್ಲಿ 10, ಎಂದರೆ ನೂರಕ್ಕೆ ಸುಮಾರು 56. ಅದೇ ಜನ, ಅದೇ ಉತ್ತರಗಳು. ಆದರೂ ಅಲ್ಪಸಂಖ್ಯೆಯವರು ಬಹುಸಂಖ್ಯೆಯವರಾದರು.

ಈ ತೂಕವು ನಿಂತಿರುವುದು ಒಂದು ನೆನಪಿನ ಮೇಲೆ ಎಂಬುದನ್ನು ಮರೆಯಲಾಗದು. ಒಂದೇ ಮನೆಯವರು ನಿಜವಾಗಿ ಎಂಟು ಮಂದಿಯನ್ನು ಬಲ್ಲವರಾಗಿದ್ದು, ನಾಲ್ವರನ್ನು ಮಾತ್ರ ನೆನೆದು ಹೇಳಿದ್ದರೆ, 40ನ್ನು 8ರಿಂದ ಭಾಗಿಸಬೇಕಾಗಿತ್ತು. ಆಗ 13ರಲ್ಲಿ 5, ಎಂದರೆ ನೂರಕ್ಕೆ 38 ಮಾತ್ರ. ನಾಲ್ಕು ಹೆಸರುಗಳ ಮರೆವಿನಿಂದ ಫಲಿತಾಂಶವು ಇಷ್ಟು ಕದಲುವುದಾದರೆ, ಒಂದೇ ಅಂಕಿಯನ್ನು ಮುದ್ರಿಸುವುದು ತರವಲ್ಲ. ತೂಕವಿಲ್ಲದ ಅಂಕಿ, ತೂಕವಿರುವ ಅಂಕಿ ಎರಡನ್ನೂ ಕೊಡತಕ್ಕದ್ದು.

ಎರಡನೆಯ ತೊಡಕು ಸರಪಣಿಯ ಇಕ್ಕಟ್ಟು. ಚೀಟಿಗಳು ಒಂದೇ ಊರಿನಿಂದ ಬಂದವರಲ್ಲಿ, ಒಂದೇ ಭಾಷೆಯವರಲ್ಲಿ, ಒಂದೇ ಬೀದಿಯವರಲ್ಲಿ ಸುತ್ತಬಹುದು. ಇದನ್ನು ಕಂಡುಕೊಳ್ಳುವ ಉಪಾಯ ಸುಲಭವಾದುದು: ಯಾವ ಬಡಾವಣೆಯ ಚೀಟಿ ಯಾವ ಬಡಾವಣೆಗೆ ಹೋಯಿತೆಂದು ಕೋಷ್ಟಕ ಹಾಕಬೇಕು. ಕೆಂಗೇರಿಯವರು ಕೊಟ್ಟು ಮರಳಿ ಬಂದ ನೂರು ಚೀಟಿಗಳಲ್ಲಿ ಎರಡು ಮೂರು ಮಾತ್ರ ರಾಜಾಜಿನಗರವನ್ನು ಮುಟ್ಟಿದ್ದರೆ, ಅಲ್ಲಿರುವುದು ಒಂದು ಜಾಲವಲ್ಲ, ಎರಡು. ಎರಡನ್ನೂ ಕೂಡಿಸಿ ತೆಗೆದ ಸರಾಸರಿಯು, ಪ್ರಾರಂಭದಲ್ಲಿ ಎಲ್ಲಿ ಎಷ್ಟು ಮಂದಿಯನ್ನು ಆರಿಸಲಾಯಿತೆಂಬುದನ್ನು ಮಾತ್ರ ಹೇಳುತ್ತದೆ. ಜಾಲವು ಒಂದೇ ಆಗಿದ್ದರೂ, ಪರಿಚಿತರ ಸ್ಥಿತಿಗತಿಗಳು ಪರಸ್ಪರ ಹೋಲುವುದರಿಂದ, ಇನ್ನೂರು ಉತ್ತರಗಳು ಇನ್ನೂರು ಸ್ವತಂತ್ರ ಸಾಕ್ಷ್ಯಗಳಾಗುವುದಿಲ್ಲ. ಅಂದಾಜಿನ ಚಂಚಲತೆಯು ನಾಲ್ಕು ಪಟ್ಟು ಹೆಚ್ಚಿದ್ದರೆ, ಅವುಗಳ ಬಲ ಐವತ್ತು ಸ್ವತಂತ್ರ ಉತ್ತರಗಳ ಬಲಕ್ಕೆ ಸಮ.

ಈ ಶಂಕೆಗಳು ಬರಿಯ ತರ್ಕವಲ್ಲವೆಂಬುದು ಉಗಾಂಡ ದೇಶದ ಒಂದು ಪರೀಕ್ಷೆಯಿಂದ ಸಿದ್ಧವಾಯಿತು. ಅಲ್ಲಿ 25 ಹಳ್ಳಿಗಳ 2402 ಗೃಹಯಜಮಾನರ ವಿವರಗಳೆಲ್ಲ ಮೊದಲೇ ದಾಖಲೆಯಲ್ಲಿದ್ದುವು. ಅವರಲ್ಲಿ 927 ಮಂದಿಯನ್ನು ಚೀಟಿಗಳ ಮೂಲಕ ಬರಮಾಡಿಕೊಂಡು, ಮಾದರಿಯನ್ನು ನಿಜದೊಡನೆ ಹೋಲಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಾದರಿಯು ಬಹುಮಟ್ಟಿಗೆ ಸರಿಯಾಗಿದ್ದರೂ, ತರುಣರೂ ಉಳ್ಳವರೂ ಕಡಿಮೆಯಾಗಿ ಬಂದಿದ್ದರು. ತೂಕ ಹಾಕಿದುದರಿಂದ ಆ ಕೊರತೆಯು ನೀಗಲಿಲ್ಲ. ನೂರಕ್ಕೆ 95ರಷ್ಟು ನಿಜವನ್ನು ಒಳಗೊಳ್ಳಬೇಕಾಗಿದ್ದ ಅಂದಾಜಿನ ಮೇರೆಗಳು 50ರಿಂದ 74ರಷ್ಟು ಮಾತ್ರ ಒಳಗೊಂಡುವು.

ಕೊನೆಯದಾಗಿ, ಯಾವ ತೂಕವೂ ಎತ್ತಿ ತರಲಾರದವರು ಕೆಲವರಿದ್ದಾರೆ. ಯಜಮಾನರ ಮನೆಯಲ್ಲೇ ಮಲಗಿ, ಅಲ್ಲಿಯೇ ಉಂಡು, ಹೊರಗೆ ಯಾರನ್ನೂ ಕಾಣದ ಹುಡುಗಿಗೆ ಚೀಟಿ ಕೊಡುವವರಿಲ್ಲ. ನಾಲ್ವರನ್ನು ಬಲ್ಲವಳ ತೂಕವನ್ನು ಹೆಚ್ಚಿಸಬಹುದು. ಯಾರನ್ನೂ ಅರಿಯದವಳು ಲೆಕ್ಕಕ್ಕೇ ಬರುವುದಿಲ್ಲ. ವೇತನದ ವಿಷಯದಲ್ಲಿ ಪ್ರಾಯಶಃ ಹೆಚ್ಚು ವಂಚಿತಳಾಗಿರಬಹುದಾದವಳು ಆಕೆಯೇ. ಆದುದರಿಂದ ಇಂತಹ ಸಮೀಕ್ಷೆಯನ್ನು ಓದುವವರು 'ಪಶ್ಚಿಮ ಬೆಂಗಳೂರಿನ ಮನೆಗೆಲಸದವರಲ್ಲಿ ನೂರಕ್ಕೆ ಇಷ್ಟು' ಎಂಬ ವಾಕ್ಯವನ್ನು ಕಂಡಾಗ, ಅದನ್ನು 'ಪರಸ್ಪರ ಪರಿಚಯವುಳ್ಳ ಮನೆಗೆಲಸದವರಲ್ಲಿ' ಎಂದು ತಿದ್ದಿ ಓದಿಕೊಳ್ಳಬೇಕು. ಕಷ್ಟಗಳು ಯಾವ ಬಗೆಯವು, ಅವು ಹೇಗೆ ಒದಗುತ್ತವೆ ಎಂಬುದಕ್ಕೆ ಸರಪಣಿಯ ಸಾಕ್ಷ್ಯವು ದೃಢವಾದುದು. ಅವು ಎಷ್ಟು ಮಂದಿಯವು ಎಂಬುದಕ್ಕೆ ಅದರ ಮಾತು ಆ ಪರಿಚಯದ ಎಲ್ಲೆಯೊಳಗೇ ನಿಲ್ಲುತ್ತದೆ.