ಜನರೇಟಿವ್, ಡಿಸ್ಕ್ರಿಮಿನೇಟಿವ್: ಸಂದರ್ಶನದ ಪ್ರಶ್ನೆಗೆ ಪೂರ್ತಿ ಉತ್ತರ

ಮಷೀನ್ ಲರ್ನಿಂಗ್ ಕೆಲಸಕ್ಕೆ ಸಂದರ್ಶನಕ್ಕೆ ಹೋದವರಿಗೆ ಎದುರಾಗುವ ಹಳೆಯ ಪ್ರಶ್ನೆ ಇದು: ‘ಜನರೇಟಿವ್ ಮಾದರಿಗೂ ಡಿಸ್ಕ್ರಿಮಿನೇಟಿವ್ ಮಾದರಿಗೂ ಏನು ವ್ಯತ್ಯಾಸ? ಉದಾಹರಣೆ ಕೊಟ್ಟು ಹೇಳಿ.’ ‘ಮೊದಲನೆಯದು p(x, y) ಕಲಿಯುತ್ತದೆ, ಎರಡನೆಯದು p(y|x) ಕಲಿಯುತ್ತದೆ’ ಎಂದು ಹೇಳಿ ಹಲವರು ಸುಮ್ಮನಾಗುತ್ತಾರೆ. ಅದು ಸರಿಯಾದ ಉತ್ತರವೇ, ಆದರೆ ಅರ್ಧ ಉತ್ತರ. ಈ ವ್ಯತ್ಯಾಸದಿಂದ ಲೆಕ್ಕ ಎಲ್ಲಿ ಬದಲಾಗುತ್ತದೆ, ಯಾವ ಸಂದರ್ಭಕ್ಕೆ ಯಾವುದು ಸರಿ ಎಂಬುದನ್ನೂ ಹೇಳಿದಾಗ ಉತ್ತರ ಪೂರ್ತಿಯಾಗುತ್ತದೆ. ಅದಕ್ಕೆ ಒಂದೇ ಉದಾಹರಣೆಯನ್ನು ಕೊನೆಯವರೆಗೆ ಬಿಡಿಸಿದರೆ ಸಾಕು.

ಉದಾಹರಣೆ ನಮ್ಮೆಲ್ಲರ ಫೋನಿನಲ್ಲೇ ಇದೆ. ಬಂದ ಸಂದೇಶ ಸ್ಪ್ಯಾಮೋ ಅಲ್ಲವೋ ಎಂದು ಗುರುತಿಸಬೇಕು. ಸಂದೇಶದಲ್ಲಿರುವ ಪದಗಳು x, ‘ಸ್ಪ್ಯಾಮ್’ ಅಥವಾ ‘ಸಾಚಾ’ ಎಂಬ ತೀರ್ಮಾನ y. ಡಿಸ್ಕ್ರಿಮಿನೇಟಿವ್ ಮಾದರಿ ನೇರವಾಗಿ ಕೇಳುತ್ತದೆ: ಈ ಪದಗಳಿದ್ದರೆ ಇದು ಸ್ಪ್ಯಾಮ್ ಆಗಿರುವ ಸಂಭವ ಎಷ್ಟು? ಜನರೇಟಿವ್ ಮಾದರಿ ಸುತ್ತುಬಳಸಿ ಬರುತ್ತದೆ. ಸ್ಪ್ಯಾಮ್ ಸಂದೇಶಗಳು ಹೇಗಿರುತ್ತವೆ, ಸಾಚಾ ಸಂದೇಶಗಳು ಹೇಗಿರುತ್ತವೆ, ಇವೆರಡು ಯಾವ ಪ್ರಮಾಣದಲ್ಲಿ ಬರುತ್ತವೆ ಎಂಬುದನ್ನು ಮೊದಲು ಕಲಿತು, ಹೊಸ ಸಂದೇಶ ಯಾವ ಗುಂಪಿನಿಂದ ಬಂದಿರಬಹುದು ಎಂದು ಆಮೇಲೆ ಲೆಕ್ಕ ಹಾಕುತ್ತದೆ. ಮೊದಲ ಬಗೆಗೆ ಲಾಜಿಸ್ಟಿಕ್ ರಿಗ್ರೆಷನ್, ಎರಡನೆಯದಕ್ಕೆ ನಾಯೀವ್ ಬೇಯ್ಸ್ ಒಳ್ಳೆಯ ಮಾದರಿಗಳು.

ಕೈಲೆಕ್ಕ

ನಮ್ಮ ಬಳಿ ಮೊದಲೇ ಗುರುತು ಹಾಕಿದ 100 ಸಂದೇಶಗಳಿವೆ ಎಂದುಕೊಳ್ಳೋಣ. 40 ಸ್ಪ್ಯಾಮ್, 60 ಸಾಚಾ. ‘ಬಹುಮಾನ’ ಎಂಬ ಪದ 20 ಸ್ಪ್ಯಾಮ್ ಸಂದೇಶಗಳಲ್ಲಿ, 3 ಸಾಚಾ ಸಂದೇಶಗಳಲ್ಲಿ ಇದೆ. ಹೊಸ ಸಂದೇಶವೊಂದರಲ್ಲಿ ‘ಬಹುಮಾನ’ ಕಾಣಿಸಿತು.

ನಾಯೀವ್ ಬೇಯ್ಸ್ ಹೀಗೆ ಗುಣಿಸುತ್ತದೆ. ಸ್ಪ್ಯಾಮ್ ಪ್ರಮಾಣ 0.4, ಅದರಲ್ಲಿ ಈ ಪದ ಬರುವ ಸಂಭವ 0.5, ಗುಣಲಬ್ಧ 0.20. ಸಾಚಾ ಪ್ರಮಾಣ 0.6, ಅಲ್ಲಿ ಪದದ ಸಂಭವ 0.05, ಗುಣಲಬ್ಧ 0.03. ಒಟ್ಟು 0.23ರಲ್ಲಿ ಸ್ಪ್ಯಾಮಿನ ಪಾಲು 0.20. ಅಂದರೆ ಸುಮಾರು ಶೇ 87. ಪದವಿರುವ 23 ಸಂದೇಶಗಳಲ್ಲಿ 20 ಸ್ಪ್ಯಾಮ್ ಎಂಬುದನ್ನು ನೇರವಾಗಿ ಎಣಿಸಿದರೂ ಇದೇ ಉತ್ತರ ಬರುತ್ತದೆ. ಇಷ್ಟರವರೆಗೆ ಎರಡು ದಾರಿಗಳೂ ಒಂದೇ ಊರಿಗೆ ಮುಟ್ಟಿಸುತ್ತವೆ.

ಈಗ ‘ಲಾಟರಿ’ ಎಂಬ ಇನ್ನೊಂದು ಪದವನ್ನು ಸೇರಿಸೋಣ. ಈ ರಾಶಿಯಲ್ಲಿ ‘ಬಹುಮಾನ’ ಇರುವ ಕಡೆಯೆಲ್ಲ ‘ಲಾಟರಿ’ಯೂ ಇದೆ, ಅದಿಲ್ಲದ ಕಡೆ ಇದೂ ಇಲ್ಲ. ಹೀಗಾಗಿ ಎರಡನೆಯ ಪದ ಹೊಸದೇನನ್ನೂ ತಿಳಿಸುವುದಿಲ್ಲ. ಸರಿಯಾದ ಉತ್ತರ ಈಗಲೂ ಶೇ 87. ಆದರೆ ಒಂದೇ ಗುಂಪಿನೊಳಗೆ ಒಂದು ಪದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ನಾಯೀವ್ ಬೇಯ್ಸ್ ಮೊದಲೇ ನಂಬಿಕೊಂಡಿರುತ್ತದೆ. ಹಾಗಾಗಿ ಎರಡೂ ಪದಗಳ ಸಂಭವವನ್ನು ಗುಣಿಸಿಬಿಡುತ್ತದೆ. ಸ್ಪ್ಯಾಮಿಗೆ 0.4 × 0.5 × 0.5 = 0.1. ಸಾಚಾಕ್ಕೆ 0.6 × 0.05 × 0.05 = 0.0015. ಫಲಿತಾಂಶ ಶೇ 98.5. ಒಂದೇ ಸಾಕ್ಷ್ಯವನ್ನು ಎರಡು ಬಾರಿ ಎಣಿಸಿದಂತಾಯಿತು.

ಲಾಜಿಸ್ಟಿಕ್ ರಿಗ್ರೆಷನ್ ಇಲ್ಲಿ ಎಡವುವುದಿಲ್ಲ. ಪದಗಳು ಹೇಗೆ ಹುಟ್ಟುತ್ತವೆ ಎಂಬ ಬಗ್ಗೆ ಅದು ಏನನ್ನೂ ಊಹಿಸಿಕೊಂಡಿಲ್ಲ. ಪ್ರತಿ ಪದಕ್ಕೂ ಒಂದು ತೂಕ ಕೊಟ್ಟು, ಆ ತೂಕಗಳ ಮೊತ್ತ ನಿಜವಾದ ಗುರುತುಗಳಿಗೆ ಹೊಂದುವವರೆಗೆ ತಿದ್ದುತ್ತ ಹೋಗುತ್ತದೆ. ಎರಡು ಪದ ಸದಾ ಜೊತೆಯಾಗಿ ಬಂದರೆ, ಒಂದಕ್ಕೆ ಸಲ್ಲಬೇಕಾದ ತೂಕ ಇಬ್ಬರಲ್ಲಿ ಹಂಚಿಹೋಗುತ್ತದೆ. ಉತ್ತರ ಶೇ 87ರಲ್ಲೇ ಉಳಿಯುತ್ತದೆ.

ಈ ದೋಷವನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಮಾದರಿ ‘ಶೇ 98’ ಎಂದು ಹೇಳಿದ ಸಂದೇಶಗಳನ್ನೆಲ್ಲ ಒಟ್ಟುಮಾಡಿ, ಅವುಗಳಲ್ಲಿ ನಿಜಕ್ಕೂ ಎಷ್ಟು ಸ್ಪ್ಯಾಮ್ ಎಂದು ಎಣಿಸಬೇಕು. ಎಣಿಕೆ 87ರ ಆಸುಪಾಸು ಬಂದರೆ ಮಾದರಿಗೆ ಅತಿಯಾದ ಆತ್ಮವಿಶ್ವಾಸ ಎಂದರ್ಥ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು: 87 ಆದರೂ 98 ಆದರೂ ತೀರ್ಮಾನ ‘ಸ್ಪ್ಯಾಮ್’ ಎಂದೇ. ನಾಯೀವ್ ಬೇಯ್ಸ್ ಹೇಳುವ ಸಂಭವದ ಅಂಕಿ ತಪ್ಪಾದಾಗಲೂ ಅದರ ವಿಂಗಡಣೆ ಎಷ್ಟೋ ಸಲ ಸರಿಯಾಗಿರುತ್ತದೆ. ಸ್ಪ್ಯಾಮ್ ಸೋಸುವುದಕ್ಕೆ ಅದು ವರ್ಷಗಟ್ಟಲೆ ಬಳಕೆಯಲ್ಲಿ ಉಳಿದದ್ದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಜನರೇಟಿವ್ ಏಕೆ ಬೇಕು?

ಸಂದರ್ಶಕರು ಮುಂದೆ ಕೇಳುವುದು ಇದನ್ನೇ. ಉತ್ತರಕ್ಕೆ ಆಧಾರವಾಗಿ ಒಂದು ಪ್ರಸಿದ್ಧ ಪ್ರಬಂಧವಿದೆ. ಆಂಡ್ರ್ಯೂ ಎಂಗ್ ಮತ್ತು ಮೈಕೆಲ್ ಜೋರ್ಡನ್ 2001ರಲ್ಲಿ ಇವೇ ಎರಡು ಮಾದರಿಗಳನ್ನು ಹೋಲಿಸಿದರು. ಡೇಟಾ ಹೇರಳವಾಗಿದ್ದಾಗ ಲಾಜಿಸ್ಟಿಕ್ ರಿಗ್ರೆಷನ್ನಿನ ತಪ್ಪಿನ ಪ್ರಮಾಣ ನಾಯೀವ್ ಬೇಯ್ಸ್‌ಗಿಂತ ಹೆಚ್ಚಿರುವುದಿಲ್ಲ, ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಆದರೆ ತನ್ನಿಂದಾಗುವ ಅತ್ಯುತ್ತಮ ಮಟ್ಟವನ್ನು ನಾಯೀವ್ ಬೇಯ್ಸ್ ಬಹಳ ಬೇಗ, ಕಡಿಮೆ ಉದಾಹರಣೆಗಳಲ್ಲೇ ಮುಟ್ಟುತ್ತದೆ. ಹೀಗಾಗಿ ಡೇಟಾ ಕಡಿಮೆ ಇರುವಾಗ ಅದೇ ಮುಂದಿರುವ ಸಾಧ್ಯತೆಯುಂಟು. ಮೊದಲೇ ಇಟ್ಟುಕೊಂಡ ಊಹೆ ಒರಟಾಗಿದ್ದರೂ, ಡೇಟಾ ಸಾಲದ ಕಡೆ ಅದು ಆಸರೆಯಾಗುತ್ತದೆ. ಡೇಟಾ ಬೆಳೆದಂತೆ ಅದೇ ಊಹೆ ಅಡ್ಡಿಯಾಗುತ್ತದೆ.

ಎರಡನೆಯ ಲಾಭ, ಜನರೇಟಿವ್ ಮಾದರಿಯ ಭಾಗಗಳನ್ನು ಬಿಡಿಬಿಡಿಯಾಗಿ ತಿದ್ದಬಹುದು. ನಾಳೆ ಸ್ಪ್ಯಾಮ್ ಪ್ರಮಾಣ ಶೇ 40ರಿಂದ 10ಕ್ಕೆ ಇಳಿಯಿತು, ಸ್ಪ್ಯಾಮಿನ ಭಾಷೆ ಮಾತ್ರ ಬದಲಾಗಲಿಲ್ಲ ಎಂದುಕೊಳ್ಳಿ. 0.4ರ ಜಾಗದಲ್ಲಿ 0.1, 0.6ರ ಜಾಗದಲ್ಲಿ 0.9 ಹಾಕಿದರೆ ಮುಗಿಯಿತು. ‘ಬಹುಮಾನ’ ಒಂದೇ ಪದವಿರುವ ಮೊದಲ ಲೆಕ್ಕ ಈಗ 0.05ಕ್ಕೆ 0.045 ಆಗಿ, ಶೇ 87ರಿಂದ ಸುಮಾರು ಶೇ 53ಕ್ಕೆ ಇಳಿಯುತ್ತದೆ. ಲಾಜಿಸ್ಟಿಕ್ ರಿಗ್ರೆಷನ್ನಿನಲ್ಲೂ ಅದರ ಸ್ಥಿರಾಂಕವನ್ನು ಬದಲಿಸಿ ಈ ತಿದ್ದುಪಡಿ ಮಾಡಬಹುದು ಎಂದು ಪ್ರಾಮಾಣಿಕವಾಗಿ ಸೇರಿಸುವುದು ಒಳ್ಳೆಯದು. ಆದರೆ ಮಾಹಿತಿಯ ಒಂದು ತುಣುಕು ಕಾಣೆಯಾಗಿದ್ದರೆ ನಾಯೀವ್ ಬೇಯ್ಸ್ ಆ ಗುಣಕವನ್ನು ಬಿಟ್ಟು ಲೆಕ್ಕ ಮುಂದುವರಿಸುತ್ತದೆ. ಲಾಜಿಸ್ಟಿಕ್ ರಿಗ್ರೆಷನ್ನಿಗೆ ಆ ಖಾಲಿ ಜಾಗವನ್ನು ಯಾರಾದರೂ ತುಂಬಿಕೊಡಲೇಬೇಕು.

‘ಜನರೇಟಿವ್ ಎಐ’ ಇದೇನಾ?

ಈಗಿನ ಸಂದರ್ಶನಗಳಲ್ಲಿ ಈ ಪ್ರಶ್ನೆಗೂ ಸಿದ್ಧರಿರಬೇಕು. ಚಿತ್ರ ಬರೆಯುವುದು, ಪಠ್ಯ ಹೊಸೆಯುವುದು ಮಾತ್ರ ಜನರೇಟಿವ್ ಎಂದು ಹೇಳಿದರೆ ನಾಯೀವ್ ಬೇಯ್ಸ್ ಆ ಪಟ್ಟಿಯಿಂದ ಹೊರಬೀಳುತ್ತದೆ. ನಿಜವಾದ ಲಕ್ಷಣ, ಮಾಹಿತಿ ಹೇಗೆ ಹಂಚಿಕೊಂಡಿದೆ ಎಂಬುದನ್ನೇ ಮಾದರಿ ಕಲಿಯುವುದು. ಅದನ್ನು ಕಲಿತ ಮೇಲೆ ಹೊಸ ಮಾದರಿಯೊಂದನ್ನು ಹೆಕ್ಕಿ ಕೊಡುವುದೂ ಸಾಧ್ಯವಾಗುತ್ತದೆ. ನಮ್ಮ ನಾಯೀವ್ ಬೇಯ್ಸ್ ಕೂಡ ಸ್ಪ್ಯಾಮ್ ಸಂದೇಶವೊಂದನ್ನು ಹುಟ್ಟಿಸಬಲ್ಲದು. ಪದಗಳನ್ನು ಒಂದಕ್ಕೊಂದು ಸಂಬಂಧವಿಲ್ಲದೆ ಆರಿಸುವುದರಿಂದ ಅದು ಓದಲು ಬರುವ ವಾಕ್ಯವಾಗುವುದಿಲ್ಲ, ಅಷ್ಟೇ. ದೊಡ್ಡ ಭಾಷಾ ಮಾದರಿಗಳು ಹಿಂದಿನ ಪದಗಳನ್ನೆಲ್ಲ ನೋಡಿ ಮುಂದಿನದರ ಸಂಭವವನ್ನು ಹೇಳುತ್ತವೆ. ಒಂದೊಂದು ಹೆಜ್ಜೆಯನ್ನು ನೋಡಿದರೆ ಅದು ವಿಂಗಡಣೆಯಂತೆ ಕಾಣಬಹುದು. ಆ ಸಂಭವಗಳನ್ನೆಲ್ಲ ಗುಣಿಸಿದಾಗ ಇಡೀ ಪಠ್ಯದ ಸಂಭವ ಸಿಗುತ್ತದೆ. ಅದಕ್ಕೇ ಅವು ಜನರೇಟಿವ್.

ಸಂದರ್ಶನಕ್ಕೆ ಹೋಗುವವರಿಗೆ ಒಂದು ಮಾತು. ವ್ಯಾಖ್ಯೆಯನ್ನು ಎರಡು ವಾಕ್ಯದಲ್ಲಿ ಮುಗಿಸಿ, ಉಳಿದ ಸಮಯವನ್ನು ಲೆಕ್ಕಕ್ಕೆ ಕೊಡಿ. ಗುರುತು ಹಾಕಿದ ಡೇಟಾ ಸಾಕಷ್ಟಿದ್ದು, ಬೇಕಾದದ್ದು ವಿಂಗಡಣೆ ಮಾತ್ರವಾದರೆ ಡಿಸ್ಕ್ರಿಮಿನೇಟಿವ್. ಡೇಟಾ ಕಡಿಮೆಯಿದ್ದರೆ, ಮಾಹಿತಿಯಲ್ಲಿ ಖಾಲಿ ಜಾಗಗಳಿದ್ದರೆ, ಹೊಸದನ್ನು ಹುಟ್ಟಿಸಬೇಕಿದ್ದರೆ ಜನರೇಟಿವ್. ಈ ತೀರ್ಮಾನದ ಹಿಂದಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಬಲ್ಲವರ ಉತ್ತರವೇ ಪೂರ್ತಿ ಉತ್ತರ.