ಬೀಗ ಬಿದ್ದ ಖಾತೆಗೊಂದು ಮನವಿ

ನನ್ನ ಗೆಳತಿ ಮನೆಯಲ್ಲೇ ಕೂತು ಪ್ರಕಾಶಕರಿಗೆ ಪುಸ್ತಕದ ಪುಟವಿನ್ಯಾಸ ಮಾಡಿಕೊಡುತ್ತಾಳೆ. ಒಂದು ಮಂಗಳವಾರ ಬೆಳಿಗ್ಗೆ ಅವಳ ಕ್ಲೌಡ್ ಖಾತೆ ತೆರೆಯಲಿಲ್ಲ. ನಿಯಮ ಉಲ್ಲಂಘನೆಯಿಂದ ಖಾತೆ ಅಮಾನತಾಗಿದೆ ಎಂಬ ಒಂದೇ ಸಾಲು. ಆರು ವರ್ಷದ ಫೈಲುಗಳು ಒಳಗಿದ್ದವು. ಶುಕ್ರವಾರ ಅಚ್ಚಿಗೆ ಹೋಗಬೇಕಿದ್ದ ಪುಸ್ತಕವೂ ಅಲ್ಲೇ ಇತ್ತು.

ಸಿಟ್ಟಿನಲ್ಲಿ ಬರೆದ ಮೊದಲ ಪತ್ರವನ್ನು ಅವಳು ನನಗೆ ತೋರಿಸಿದಳು. ಕೋರ್ಟಿಗೆ ಎಳೆಯುತ್ತೇನೆ ಎಂದಿತ್ತು. ಕಳಿಸಬೇಡ ಎಂದೆ. ಕೇಸಿನ ಮಾತು ಬಂದರೆ ಸಹಾಯವಾಣಿಯವರು ಉತ್ತರ ನಿಲ್ಲಿಸಿ, ಪತ್ರವನ್ನು ಕಾನೂನು ವಿಭಾಗಕ್ಕೆ ದಾಟಿಸಿಬಿಡುವುದುಂಟು. ಇಂಥ ಅಮಾನತು ಬಹುಮಟ್ಟಿಗೆ ಯಂತ್ರದ ತಪಾಸಣೆಯಿಂದ ಆಗುತ್ತದೆ. ಪತ್ರ ಓದುವವರಿಗೆ ಅವಳ ಕಷ್ಟಕ್ಕಿಂತ, ಯಂತ್ರ ಎಲ್ಲಿ ತಪ್ಪಿತು ಎಂಬ ಸುಳಿವು ಬೇಕು.

ಕೂತು ನೆನಪಿಸಿಕೊಂಡಾಗ ಸುಳಿವು ಸಿಕ್ಕಿತು. ಮರುಮುದ್ರಣಕ್ಕಾಗಿ ಪ್ರಕಾಶಕರು ಹಳೆಯ ಪುಸ್ತಕವೊಂದರ ಸ್ಕ್ಯಾನ್ ಪ್ರತಿ ಕೊಟ್ಟಿದ್ದರು. ಕರಡು ತಿದ್ದುವವರಿಗೆಂದು ಅವಳು ಅದನ್ನು ಯಾರು ಬೇಕಾದರೂ ತೆರೆಯಬಹುದಾದ ಲಿಂಕ್‌ನಲ್ಲಿ ಇಟ್ಟಿದ್ದಳು. ಹೊರಗಿನಿಂದ ನೋಡಿದರೆ ಅದು ಕದ್ದ ಪುಸ್ತಕ ಹಂಚಿದಂತೆಯೇ ಕಾಣುತ್ತದೆ.

ಎರಡನೆಯ ಪತ್ರ ಇಂಗ್ಲಿಷಿನಲ್ಲಿ ಒಂದು ಪುಟವೂ ಇರಲಿಲ್ಲ. ಅದರ ತಿರುಳು ಹೀಗಿತ್ತು:

‘ಮಂಗಳವಾರ ಬೆಳಿಗ್ಗೆಯಿಂದ ನನ್ನ ಖಾತೆ ಅಮಾನತಿನಲ್ಲಿದೆ. ಕಾರಣ ನೀವು ತಿಳಿಸಿಲ್ಲ. ಸೋಮವಾರ ನಾನು ಹಂಚಿದ ಪುಸ್ತಕದ ಲಿಂಕ್ ಇರಬಹುದೆಂದು ನನ್ನ ಊಹೆ. ಅದರ ಹಕ್ಕು ಪ್ರಕಾಶಕರದು, ಅವರ ಕೆಲಸದ ಆದೇಶಪತ್ರ ಲಗತ್ತಿಸಿದ್ದೇನೆ. ಲಿಂಕನ್ನು ಎಲ್ಲರಿಗೂ ತೆರೆದಿಟ್ಟದ್ದು ನನ್ನ ತಪ್ಪು. ದಯವಿಟ್ಟು ಸಿಬ್ಬಂದಿಯೊಬ್ಬರಿಂದ ಮರುಪರಿಶೀಲನೆ ಮಾಡಿಸಿ. ಖಾತೆ ಮರಳಿಸಲು ಆಗದಿದ್ದರೂ, ನನ್ನ ಫೈಲುಗಳನ್ನು ಇಳಿಸಿಕೊಳ್ಳಲು ಕೆಲವು ದಿನ ಅವಕಾಶ ಕೊಡಿ. ಅಲ್ಲಿಯವರೆಗೆ ಏನನ್ನೂ ಅಳಿಸಬೇಡಿ.’

ಈ ಪತ್ರದ ಜೀವ ಕೊನೆಯ ಕೋರಿಕೆಯಲ್ಲಿದೆ. ಖಾತೆ ಬೇರೆ, ಫೈಲು ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ ‘ಆಗುವುದಿಲ್ಲ’ ಎಂಬ ಒಂದೇ ಉತ್ತರಕ್ಕೆ ಎರಡೂ ಮುಳುಗುತ್ತವೆ. ಖಾತೆ ತೆರೆಯಲು ಒಪ್ಪದವರೂ ಫೈಲು ಇಳಿಸಿಕೊಳ್ಳಲು ಬಿಡಬಹುದು.

ಮೇಲ್ ಕೂಡ ಅದೇ ಖಾತೆಯಲ್ಲಿದ್ದುದರಿಂದ ಉತ್ತರಕ್ಕೆ ಬೇರೆ ವಿಳಾಸ ಕೊಟ್ಟಳು. ದಿನಕ್ಕೊಂದು ಹೊಸ ದೂರು ಹಾಕದೆ ಮೊದಲ ದೂರಿನ ಸಂಖ್ಯೆಯಲ್ಲೇ ಮುಂದುವರಿದಳು. ಹೊಸ ಖಾತೆ ತೆರೆಯಲಿಲ್ಲ. ಅಮಾನತು ತಪ್ಪಿಸಿಕೊಳ್ಳುವ ಪ್ರಯತ್ನವೆಂದು ಅದನ್ನೂ ಮುಚ್ಚುವ ಸಾಧ್ಯತೆ ಇರುತ್ತದೆ. ಲ್ಯಾಪ್‌ಟಾಪಿನ ಫೋಲ್ಡರಿನಲ್ಲಿ ಉಳಿದಿದ್ದನ್ನು ಇಂಟರ್ನೆಟ್ ತೆಗೆದು ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡಳು. ಅರ್ಧಕ್ಕರ್ಧ ಬರೀ ಹೆಸರುಗಳಷ್ಟೇ ಇದ್ದವು, ಫೈಲು ಕ್ಲೌಡ್‌ನಲ್ಲೇ.

ಉತ್ತರ ಬಾರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬಹುದು. 2021ರ ಐಟಿ ನಿಯಮಗಳಂತೆ ದೂರು ತಲುಪಿದ್ದನ್ನು ಅವರು 24 ಗಂಟೆಯೊಳಗೆ ತಿಳಿಸಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು.

ಅವಳಿಗೆ ಒಂಬತ್ತನೆಯ ದಿನ ಫೈಲು ಇಳಿಸಿಕೊಳ್ಳಲು ಅನುಮತಿ ಬಂತು. ಅಷ್ಟರಲ್ಲಿ ಶುಕ್ರವಾರ ಕಳೆದಿತ್ತು, ಪ್ರಕಾಶಕರು ಒಂದು ವಾರ ಕಾದಿದ್ದರು. ಖಾತೆ ಇನ್ನೂ ತೆರೆದಿಲ್ಲ.